ಸಾಲದ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಏಕೆ?

ದಿಢೀರ್ ಸಾಲ ಕೊಡುತ್ತೇವೆನ್ನುವ ಕೆಲವು ಆ್ಯಪ್‌ಗಳು ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳುತ್ತವೆ. ಸಾಲಕ್ಕೂ ನಿಮ್ಮ ಸೋದರಮಾವನ ನಂಬರಿಗೂ ಏನು ಸಂಬಂಧ? ಕಂತು ತಪ್ಪಿದರೆ ಅವರಿಗೆ ಫೋನ್ ಮಾಡಿ ನಿಮ್ಮ ಮಾನ ಕಳೆಯಬಹುದಲ್ಲ! ಕಾಂಟ್ಯಾಕ್ಟ್ಸ್ ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಗುರುತಿನ ಪರಿಶೀಲನೆಗೆ ಕ್ಯಾಮೆರಾ, ಮೈಕ್, ಲೊಕೇಶನ್‌ಗಳನ್ನು ಒಪ್ಪಿಗೆ ಪಡೆದು ಒಮ್ಮೆ ಬಳಸಬಹುದು, ಅಷ್ಟೇ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Permission manager ಎಂದು ಹುಡುಕಿ, Contacts ಒತ್ತಿದರೆ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ಬರುತ್ತದೆ. ಸಾಲದ ಆ್ಯಪ್ ಅಲ್ಲಿದ್ದರೆ Don't allow ಆರಿಸಿ. ಮೈಕ್, ಲೊಕೇಶನ್‌ಗಳನ್ನೂ ಹೀಗೇ ನೋಡಬಹುದು. ಕ್ಯಾಬ್ ಆ್ಯಪ್‌ಗಾದರೆ ಬಳಸುವಾಗ ಮಾತ್ರ ಲೊಕೇಶನ್ ಕೊಟ್ಟರೆ ಸಾಕು. ಆದರೆ ಈಗಾಗಲೇ ಕಂಪನಿಯ ಸರ್ವರ್ ಸೇರಿದ ನಂಬರುಗಳು ಇದರಿಂದ ಅಳಿಯುವುದಿಲ್ಲ. ಆ್ಯಪನ್ನೇ ಕಿತ್ತುಹಾಕಿದರೂ ಅವು ಅಲ್ಲೇ ಉಳಿಯಬಹುದು.