ನಾಲಿಗೆ ‘ಈ’, ತುಟಿ ‘ಊ’

ಫ್ರೆಂಚಿನ ಗಂಧಗಾಳಿ ಇಲ್ಲದವರ ಬಾಯಲ್ಲೂ ಓಡಾಡುವ ಫ್ರೆಂಚ್ ಮಾತೊಂದಿದೆ: ಡೇಜಾ ವೂ. ಮೊದಲ ಸಲ ಕಾಲಿಟ್ಟ ಊರನ್ನು ಹಿಂದೆಂದೋ ಕಂಡಂತೆ ಅನಿಸಿದಾಗ ಬೆಂಗಳೂರಿನ ಕಾಲೇಜು ಹುಡುಗರೂ ಇದನ್ನು ಹೇಳುತ್ತಾರೆ. ‘ಆಗಲೇ ನೋಡಿದ್ದು’ ಎಂದು ಅದರ ಅರ್ಥ. ಆದರೆ ಆ ಹುಡುಗರು ಹೇಳುವ ‘ವೂ’ ಫ್ರೆಂಚರ ಕಿವಿಗೆ ಬೀಳುವುದು ‘ನೀವು’ ಎಂಬ ಪದವಾಗಿ. ಅವರಿಗೆ ಕೇಳಿಸುವುದು ‘ಆಗಲೇ ನೀವು’.

ಎಡವಟ್ಟಾದದ್ದು ಒಂದೇ ಒಂದು ಸ್ವರದಲ್ಲಿ. ‘ನೋಡಿದ್ದು’ ಎಂಬುದನ್ನು ಫ್ರೆಂಚರು ವಿ-ಯು ಎಂದು ಬರೆಯುತ್ತಾರೆ. ‘ನೀವು’ ಎಂಬುದಕ್ಕೆ ವಿ-ಓ-ಯು-ಎಸ್, ಕೊನೆಯ ಎಸ್ ಸದ್ದು ಮಾಡುವುದಿಲ್ಲ. ಓ-ಯು ಜೋಡಿಗೆ ಕನ್ನಡದ ಊ ಸಾಕು, ಅದು ಕನ್ನಡಿಗರಿಗೆ ಹುಟ್ಟಿನಿಂದ ಬಂದದ್ದು. ಒಂಟಿ ಯು ಅಕ್ಷರದ ಸ್ವರ ಮಾತ್ರ ಕನ್ನಡದಲ್ಲಿಲ್ಲ. ಹೀಗಾಗಿ ಅದಕ್ಕೆ ಕನ್ನಡ ಬರಹ ಸಿಕ್ಕಿದ ಅಕ್ಷರ ಕೊಟ್ಟಿದೆ. ಕಾದಂಬರಿಕಾರ ಕಾಮೂ, ಹ್ಯೂಗೋ, ತತ್ತ್ವಜ್ಞಾನಿ ರೂಸೋ ಈ ಮೂವರ ಹೆಸರು ಕನ್ನಡ ಓದುಗರಿಗೆ ಪರಿಚಿತ. ರೂಸೋ ಹೆಸರಿನದು ಓ-ಯು, ಹಾಗಾಗಿ ‘ರೂ’ ಸರಿಯಾಗಿಯೇ ಇದೆ. ಕಾಮೂ, ಹ್ಯೂಗೋ ಇಬ್ಬರದೂ ಒಂಟಿ ಯು. ಒಂದೇ ಸ್ವರ ಒಬ್ಬರಲ್ಲಿ ಊ ಆಯಿತು, ಇನ್ನೊಬ್ಬರಲ್ಲಿ ಯೂ ಆಯಿತು. ಎರಡೂ ಅದಲ್ಲ.

ಫ್ರೆಂಚರಿಗೆ ಈ ಕಾಗುಣಿತ ಬಂದದ್ದು ಲ್ಯಾಟಿನ್ ಮೂಲಕ. ಲ್ಯಾಟಿನ್ನಿನಲ್ಲಿ ಚಂದ್ರನಿಗೆ ‘ಲೂನ’, ಅಲ್ಲಿ ಯು ಅಕ್ಷರಕ್ಕೆ ಊ ಸದ್ದೇ ಇತ್ತು. ಆ ಊ ಫ್ರೆಂಚಿನಲ್ಲಿ ಕಾಲಕ್ರಮೇಣ ಬಾಯಿಯ ಮುಂಭಾಗಕ್ಕೆ ಸರಿದುಬಿಟ್ಟಿತು, ಅಕ್ಷರ ಮಾತ್ರ ಹಾಗೇ ಉಳಿಯಿತು. ಖಾಲಿಯಾದ ಊ ಸ್ಥಾನಕ್ಕೆ ಓ-ಯು ಜೋಡಿ ಬಂತು. ಆದ್ದರಿಂದಲೇ ಫ್ರೆಂಚರು ನಮ್ಮ ‘ಗುರು’ವನ್ನು ಬರೆಯುವಾಗ ಎರಡು ಕಡೆಯೂ ಓ-ಯು ಹಾಕುತ್ತಾರೆ. ವಿಷ್ಣುವಿನ ಕೊನೆಗೂ ಓ-ಯು. ಇಂಗ್ಲಿಷಿನ ‘ಔಟ್’ ಓದಿ ಬೆಳೆದ ಕಣ್ಣಿಗೆ ಈ ಜೋಡಿ ‘ಔ’ ಎಂದು ಕಾಣುವುದು ಸಹಜ. ಆದರೆ ಇದು ಒಡೆಯದ ಒಂದೇ ಸ್ವರ.

ಇನ್ನು ಆ ಒಂಟಿ ಯು. ಅದನ್ನು ಕನ್ನಡದಲ್ಲಿ ಗುರುತಿಸಲು ಈ ಬರಹದ ಮಟ್ಟಿಗೆ ಒಂದು ಉಪಾಯ ಮಾಡಿಕೊಳ್ಳಬಹುದು: ಈ°. ಅಕ್ಷರ ನಾಲಿಗೆಯ ಜಾಗ ಹೇಳುತ್ತದೆ, ಮೇಲಿನ ಪುಟ್ಟ ಸೊನ್ನೆ ತುಟಿಯ ಆಕಾರ ಹೇಳುತ್ತದೆ. ‘ನೋಡಿದ್ದು’ ವೀ°, ‘ನೀವು’ ವೂ.

ಕನ್ನಡದ ಬಾಯಿಗೆ ಇದು ಯಾಕೆ ತೊಡಕು? ಶಾಲೆಯ ವ್ಯಾಕರಣದಲ್ಲಿ ಇ, ಈ ತಾಲವ್ಯ ಎಂದೂ ಉ, ಊ ಓಷ್ಠ್ಯ ಎಂದೂ ಕಲಿಸುತ್ತಾರೆ. ಒಂದು ಅಂಗುಳಿನದು, ಇನ್ನೊಂದು ತುಟಿಯದು. ಏ, ಐ ಕಂಠತಾಲವ್ಯ. ಓ, ಔ ಕಂಠೋಷ್ಠ್ಯ. ಕಂಠಕ್ಕೆ ಅಂಗುಳೂ ಜೊತೆಯಾಯಿತು, ತುಟಿಯೂ ಜೊತೆಯಾಯಿತು. ಆದರೆ ಅಂಗುಳು ಮತ್ತು ತುಟಿ ಒಟ್ಟಾದ ಸ್ವರಕ್ಕೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ಫ್ರೆಂಚಿನ ಯು ಕೂರುವುದು ಸರಿಯಾಗಿ ಆ ಖಾಲಿ ಮನೆಯಲ್ಲಿ.

ಈ ಹಳೆಯ ಹೆಸರುಗಳು ಇನ್ನೊಂದು ಸಂಗತಿಯನ್ನೂ ಮರೆಮಾಡುತ್ತವೆ. ಊ ಬರೀ ತುಟಿಯ ಕೆಲಸವಲ್ಲ. ಊ ಎನ್ನುವಾಗ ನಾಲಿಗೆ ಹಿಂದಕ್ಕೆ ಜಗ್ಗಿ, ಅದರ ಹಿಂಭಾಗ ಕಿರುನಾಲಿಗೆಯ ಕಡೆಗೆ ಏರುತ್ತದೆ. ಕನ್ನಡದಲ್ಲಿ ತುಟಿ ದುಂಡಗಾದರೆ ನಾಲಿಗೆ ಹಿಂದೆ ಹೋಗಲೇಬೇಕು, ನಾಲಿಗೆ ಮುಂದೆ ಬಂದರೆ ತುಟಿ ಅಗಲವಾಗಲೇಬೇಕು. ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ‘ತುಟಿ ದುಂಡಗೆ ಮಾಡಿ’ ಎಂದು ಮೇಷ್ಟ್ರು ಹೇಳಿದರೆ ವಿದ್ಯಾರ್ಥಿ ಮಾಡುತ್ತಾನೆ, ನಾಲಿಗೆಯೂ ಅವನನ್ನು ಕೇಳದೆ ಹಿಂದೆ ಸರಿಯುತ್ತದೆ, ಹೊರಬರುವುದು ಅದೇ ಊ. ಇನ್ನಷ್ಟು ದುಂಡಗೆ ಮಾಡಿದರೆ ಇನ್ನಷ್ಟು ಗಟ್ಟಿ ಊ. ತುಳು ಮನೆಮಾತಿನವರಿಗೆ ಈ ನೊಗ ಸ್ವಲ್ಪ ಸಡಿಲ. ತುಳು ಪದಗಳ ಕೊನೆಯಲ್ಲಿ ತುಟಿ ದುಂಡಗಾಗದ ಒಂದು ಬಗೆಯ ಉ ಬರುತ್ತದೆ. ಫ್ರೆಂಚಿಗೆ ಬೇಕಾದದ್ದು ಇದರ ತಿರುವುಮುರುವು, ಆದರೂ ನಾಲಿಗೆ ಮತ್ತು ತುಟಿ ಬೇರೆಬೇರೆ ದಾರಿ ಹಿಡಿಯಬಲ್ಲವು ಎಂಬುದಕ್ಕೆ ಅದು ಸಾಕ್ಷಿ.

ಆದ್ದರಿಂದ ಊ ಕಡೆಯಿಂದ ಹೊರಡಬಾರದು. ಹೊರಡಬೇಕಾದದ್ದು ಈ ಕಡೆಯಿಂದ.

ಕನ್ನಡಿಯ ಮುಂದೆ ನಿಂತು ‘ಈ’ ಎಂದು ಎಳೆಯಬೇಕು. ಎಳೆಯುತ್ತಲೇ ನಾಲಿಗೆ ಎಲ್ಲಿದೆ ಎಂದು ಗಮನಿಸಬೇಕು: ತುದಿ ಕೆಳಗಿನ ಮುಂಹಲ್ಲುಗಳ ಹಿಂಬದಿಗೆ ತಾಗಿರುತ್ತದೆ, ಅಂಚುಗಳು ಎರಡೂ ಕಡೆ ಮೇಲಿನ ದವಡೆಹಲ್ಲುಗಳಿಗೆ ಒತ್ತಿರುತ್ತವೆ. ಉಸಿರು ನಿಲ್ಲಿಸದೆ, ನಾಲಿಗೆಯನ್ನು ಅಲ್ಲೇ ಕಟ್ಟಿಹಾಕಿ, ತುಟಿಗಳನ್ನು ಮಾತ್ರ ನಿಧಾನವಾಗಿ ಮುಂದೆ ಚಾಚಿ ಸಣ್ಣ ರಂಧ್ರ ಮಾಡಬೇಕು. ಬಿಸಿ ಕಾಫಿಯನ್ನು ಊದಿ ಆರಿಸುವಾಗ ಇರುತ್ತದಲ್ಲ, ಅಷ್ಟು. ಸದ್ದು ತಾನಾಗಿ ಬದಲಾಗುತ್ತದೆ. ಮತ್ತೆ ತುಟಿ ಅಗಲಿಸಿದರೆ ಈ, ಕೂಡಿಸಿದರೆ ಈ°. ಹತ್ತು ಸಲ ಈ–ಈ°–ಈ–ಈ° ಎಂದು ಉಯ್ಯಾಲೆಯಾಡಿದರೆ ನಾಲಿಗೆ ಸುಮ್ಮನಿದ್ದು ತುಟಿ ಮಾತ್ರ ದುಡಿಯುವುದು ರೂಢಿಯಾಗುತ್ತದೆ. ಆಮೇಲೆ ತುಟಿಯನ್ನು ದುಂಡಗೇ ಇಟ್ಟು ಈ°–ಊ–ಈ°–ಊ. ಈಗ ದುಡಿಯುವುದು ನಾಲಿಗೆ.

ಇಲ್ಲಿ ಕನ್ನಡಿ ಕೈಕೊಡುತ್ತದೆ. ಈ ಮತ್ತು ಈ° ನಡುವಿನ ವ್ಯತ್ಯಾಸ ಅದರಲ್ಲಿ ಕಾಣುತ್ತದೆ, ಈ° ಮತ್ತು ಊ ನಡುವಿನದು ಬಹುಮಟ್ಟಿಗೆ ಕಾಣುವುದೇ ಇಲ್ಲ. ಹೊರಗಿನ ತುಟಿ ಎರಡಕ್ಕೂ ದುಂಡಗೆ, ಆಟವೆಲ್ಲ ಒಳಗೆ. ನಂಬಬೇಕಾದದ್ದು ನಾಲಿಗೆಯ ತುದಿಯನ್ನು. ಅದು ಕೆಳಹಲ್ಲು ಬಿಟ್ಟಿತೆಂದರೆ ಸ್ವರ ಊ ಕಡೆಗೆ ಜಾರಿತೆಂದೇ ಲೆಕ್ಕ. ಕಿವಿಗೂ ಒಂದು ಪರೀಕ್ಷೆ ಇದೆ: ಕಂಠದ ದನಿಯಿಲ್ಲದೆ ಪಿಸುಗುಟ್ಟುವುದು. ಪಿಸುಮಾತಿನಲ್ಲಿ ಈ ಎಲ್ಲಕ್ಕಿಂತ ಕೀಚಲು, ಊ ತೀರಾ ಮಂದ್ರ, ಈ° ನಡುವೆ. ಆದರೆ ಸರಿಮಧ್ಯದಲ್ಲಲ್ಲ, ಈ ಹತ್ತಿರ. ಧ್ವನಿವಿಜ್ಞಾನಿಗಳು ಅಳೆಯುವ ಎರಡನೆಯ ಅನುರಣನ ಗಂಡಸರ ದನಿಯಲ್ಲಿ ಊ ಸ್ವರಕ್ಕೆ ಸುಮಾರು 800 ಹರ್ಟ್ಸ್ ಇದ್ದರೆ, ಫ್ರೆಂಚ್ ಯು ಸ್ವರಕ್ಕೆ 1800ರ ಆಸುಪಾಸು, ಈ ಸ್ವರಕ್ಕೆ 2200 ದಾಟುತ್ತದೆ. ಫ್ರೆಂಚ್ ಯು ಅಂದರೆ ತುಟಿ ಕೂಡಿಸಿದ ಈ, ಮುಂದೆ ತಂದ ಊ ಅಲ್ಲ ಎಂಬುದನ್ನು ಅಂಕಿಯೂ ಹೇಳುತ್ತದೆ.

ಇಷ್ಟಾದರೂ ಪದಕ್ಕೆ ಬಂದಾಗ ಬಾಯಿ ಹಳೆ ಚಾಳಿಗೆ ಮರಳುತ್ತದೆ. ಪಿಯುಸಿಯಲ್ಲಿ ಅಂಕಕ್ಕಾಗಿ ಫ್ರೆಂಚ್ ತೆಗೆದುಕೊಂಡವರ ಬಾಯಲ್ಲಿ ಸಾಮಾನ್ಯವಾಗಿ ಕೇಳುವ ತಪ್ಪು ‘ಯೂ’. ಬೀದಿಗೆ ಫ್ರೆಂಚಿನಲ್ಲಿ ರೀ°. ಅದು ‘ರ್ಯೂ’ ಆಗುತ್ತದೆ. ಇಂಗ್ಲಿಷಿನ ಮೆನ್ಯು ಅಭ್ಯಾಸವೂ ಸೇರಿ ಈ ತಪ್ಪು ಸರಿಯೆಂದೇ ತೋರುತ್ತದೆ, ಏಕೆಂದರೆ ಯೂ ಒಳಗೆ ಅಂಗುಳೂ ಇದೆ, ತುಟಿಯೂ ಇದೆ. ಆದರೆ ಒಂದಾದ ಮೇಲೆ ಒಂದು. ಫ್ರೆಂಚಿಗೆ ಎರಡೂ ಒಟ್ಟಿಗೇ ಬೇಕು. ಪತ್ತೆಹಚ್ಚುವುದು ಸುಲಭ: ಸ್ವರವನ್ನು ಮೂರು ಸೆಕೆಂಡ್ ಎಳೆಯಬೇಕು. ಕೊನೆಗೆ ಉಳಿದದ್ದು ಊ ಆದರೆ, ಶುರುವಾದದ್ದು ಯೂ. ನಿಜವಾದ ಈ° ಎಷ್ಟು ಎಳೆದರೂ ಬಣ್ಣ ಬದಲಿಸದು.

‘ಬೀದಿ’ಯಿಂದಲೇ ಅಭ್ಯಾಸ ಶುರುಮಾಡುವುದೂ ಜಾಣತನವಲ್ಲ. ಪ್ಯಾರಿಸ್ಸಿನವರ ರ ಹುಟ್ಟುವುದು ಕಿರುನಾಲಿಗೆಯ ಬಳಿ, ಅದು ನಾಲಿಗೆಯನ್ನು ಮೊದಲೇ ಹಿಂದಕ್ಕೆಳೆದು ಕೂರಿಸುತ್ತದೆ. ತ, ದ, ಸ ಜೊತೆ ಕಲಿಯುವುದು ಸಲೀಸು, ಇವುಗಳಿಗೆ ನಾಲಿಗೆ ಆಗಲೇ ಹಲ್ಲಿನ ಬಳಿ ಇರುತ್ತದೆ. ಫ್ರೆಂಚರ ತ, ದ ಕೂಡ ಇಂಗ್ಲಿಷಿನ ಟ, ಡ ಅಲ್ಲ, ಅಪ್ಪಟ ಕನ್ನಡದ ತ, ದ. ಕನ್ನಡಿಗರಿಗೆ ಇದೊಂದು ಬಿಟ್ಟಿ ಲಾಭ. ನೆರೆಯ ವ್ಯಂಜನವನ್ನು ಆರಿಸಿಕೊಂಡು ಸ್ವರ ತಿದ್ದುವ ಈ ಉಪಾಯ ಜಾಗ್ರೆಬ್‌ನ ಭಾಷಾವಿಜ್ಞಾನಿ ಪೇತರ್ ಗುಬೆರಿನಾ ಕಟ್ಟಿದ ಕಲಿಕಾಕ್ರಮದಲ್ಲಿ ಮುಖ್ಯವಾದದ್ದು.

ಅಭ್ಯಾಸಕ್ಕೆ ಒಂದೇ ವಾಕ್ಯ ಸಾಕು. ‘ನೀನು ಎಲ್ಲಾ ನೋಡಿದೆಯಾ?’ ಎಂಬುದು ಫ್ರೆಂಚಿನಲ್ಲಿ: ತೀ° ಆ ತೂ ವೀ°? ನೀನು ತೀ°, ಎಲ್ಲಾ ತೂ, ನೋಡಿದ್ದು ವೀ°. ಮೊದಲ ತ ಬಿಡುವಾಗಲೇ ತುಟಿ ಮುಂದೆ ಬಂದಿರಬೇಕು, ನಾಲಿಗೆ ಈ ಜಾಗದಲ್ಲಿ. ಆ ಎನ್ನಲು ಬಾಯಿ ತೆರೆದು, ತೂ ಎಂಬಲ್ಲಿ ನಾಲಿಗೆ ಆರಾಮಾಗಿ ಹಿಂದೆ ಹೋಗಲಿ. ಕಷ್ಟವಿರುವುದು ಮುಂದೆ. ವ ಹೇಳಲು ಕೆಳತುಟಿ ಮೇಲಿನ ಹಲ್ಲಿಗೆ ತಾಗುವ ಅಷ್ಟೇ ಹೊತ್ತಿನಲ್ಲಿ ನಾಲಿಗೆ ಮತ್ತೆ ಮುಂದೋಡಿ ಬರಬೇಕು. ಹೆಚ್ಚಿನವರು ಸೋಲುವುದು ಅಲ್ಲೇ, ತೂ ಹೇಳಿದ ನಾಲಿಗೆ ಹಿಂದೆಯೇ ಕೂತಿರುತ್ತದೆ, ವಾಕ್ಯ ‘ವೂ’ ಎಂದು ಮುಗಿಯುತ್ತದೆ. ಇನ್ನು ಕೆಲವರು ನಾಲಿಗೆಯನ್ನೇ ಕಾಯುತ್ತ ತುಟಿ ಮರೆತು ‘ವೀ’ ಎಂದುಬಿಡುತ್ತಾರೆ. ಆಗ ಅದು ಜೀವನ ಎಂಬರ್ಥದ ಬೇರೆಯೇ ಪದ.

ಹೊಸ ಸ್ವರ ಕೈಗೆ ಹತ್ತಿದ ಮೇಲೆ ಬರುವ ಕಾಯಿಲೆಯೂ ಒಂದಿದೆ. ಕಲಿತ ಖುಷಿಯಲ್ಲಿ ಊ ಇರುವಲ್ಲೆಲ್ಲ ಈ° ಹಾಕುವುದು. ‘ತುಂಬಾ ಧನ್ಯವಾದ’ ಎನ್ನಲು ಫ್ರೆಂಚರು ‘ಮೆರ್ಸಿ ಬೋಕೂ’ ಎನ್ನುತ್ತಾರೆ. ಅದನ್ನು ‘ಬೋಕೀ°’ ಎಂದರೆ ಎದುರಿನವರ ಅಂಡನ್ನು ಚೆಂದವೆಂದು ಹೊಗಳಿದಂತಾಗುತ್ತದೆ. ಮೇಲೆ ದಸೀ°, ಕೆಳಗೆ ದಸೂ ಎಂಬ ಜೋಡಿಯಲ್ಲಿ ತಪ್ಪಿದರೆ ನಗು ಹುಟ್ಟದು, ಮಹಡಿ ತಪ್ಪುತ್ತದೆ.

ಕೆನಡಾದ ಕ್ವಿಬೆಕ್‌ಗೆ ಹೋಗುವವರಿಗೆ ಒಂದು ಸುಳಿವು. ಅಲ್ಲಿನವರು ಈ ಮತ್ತು ಈ° ಮುಂಚಿನ ತ, ದ ಅಕ್ಷರಗಳಿಗೆ ಸಕಾರದ ಸೀತ್ಕಾರ ಸೇರಿಸುತ್ತಾರೆ, ‘ನೀನು’ ಎಂಬುದು ತ್ಸೀ° ಎಂದು ಕೇಳುತ್ತದೆ. ‘ಎಲ್ಲಾ’ ಎಂಬುದು ಮಾತ್ರ ತೂ ಆಗಿಯೇ ಉಳಿಯುತ್ತದೆ. ಸ್ವರ ಗುರುತು ಸಿಗದಿದ್ದರೂ ಅದರ ಮುಂದಿನ ವ್ಯಂಜನ ಗುಟ್ಟು ಬಿಟ್ಟುಕೊಡುತ್ತದೆ.

ಅಷ್ಟು ದೂರ ಹೋಗದವರಿಗೆ ಪುದುಚೇರಿ ಇದೆ. ಅಲ್ಲಿನ ಹಳೆಯ ಫ್ರೆಂಚ್ ಬಡಾವಣೆಯ ಗೋಡೆಗಳ ಮೇಲೆ ಬೀದಿಯ ಹೆಸರುಗಳು ಇನ್ನೂ ಫ್ರೆಂಚಿನಲ್ಲಿವೆ. ಡ್ಯೂಮಾ ಬೀದಿಯನ್ನು ಫ್ರೆಂಚರಂತೆ ಓದಿದರೆ ರೀ° ದೀ°ಮಾ, ಎರಡೂ ಒಂಟಿ ಯು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಕಡಲುಗಳ್ಳ ಸುರ್ಕೂಫ್ ಹೆಸರಿನ ಬೀದಿ: ರೀ° ಸೀ°ರ್ಕೂಫ್. ತುಟಿ ಮೂರಕ್ಕೂ ದುಂಡಗೆ. ನಾಲಿಗೆ ಎರಡು ಸಲ ಮುಂದೆ, ಒಂದು ಸಲ ಹಿಂದೆ.