ದೂರು ಒಂದು, ತೊಡಕು ಇನ್ನೊಂದು

2007ರಲ್ಲಿ ‘ಹೇಲೋ 3’ ವಿಡಿಯೊ ಗೇಮ್ ಅಂಗಡಿಗೆ ಬರುವ ಮೊದಲೇ ಸುಮಾರು 600 ಮಂದಿ ಅದನ್ನು ಒಟ್ಟು 3,000 ಗಂಟೆಗೂ ಹೆಚ್ಚು ಹೊತ್ತು ಆಡಿ ಆಗಿತ್ತು. ಅವರೆಲ್ಲ ಹೊರಗಿನ ಸಾಮಾನ್ಯ ಆಟಗಾರರು. ಮೈಕ್ರೋಸಾಫ್ಟ್ ಕಂಪನಿಯ ಪ್ರಯೋಗಾಲಯದಲ್ಲಿ ಮನಶ್ಶಾಸ್ತ್ರ ಓದಿಕೊಂಡ ರ‍್ಯಾಂಡಿ ಪಗುಲಾಯನ್ ಮತ್ತು ಅವರ ತಂಡದವರು ಆಟಗಾರರು ಎಲ್ಲಿ ಸತ್ತರು, ಎಲ್ಲಿ ದಾರಿ ತಪ್ಪಿ ಸುತ್ತಾಡಿದರು ಎಂಬುದನ್ನು ಬರೆದಿಟ್ಟುಕೊಂಡರು. ಬಿಡುಗಡೆಗೆ ಮುನ್ನ ಹೀಗೆ ಆಡಿಸಿ ನೋಡುವುದೇ ಪ್ಲೇಟೆಸ್ಟ್.

ಆಟದ ಆರಂಭದ ಒಂದು ಭಾಗದಲ್ಲಿ ಜನರ ಬಂದೂಕಿನ ಗುಂಡುಗಳು ಪದೇ ಪದೇ ಮುಗಿದುಹೋಗುತ್ತಿದ್ದವು. ಅಂಥ ಜಾಗದಲ್ಲಿ ಯಾರನ್ನು ಕೇಳಿದರೂ ‘ಗುಂಡು ಸಾಲುವುದಿಲ್ಲ, ಇನ್ನಷ್ಟು ಕೊಡಿ’ ಎಂಬ ಉತ್ತರವೇ ಬಂದೀತು. ಆದರೆ ಆಡಿದ್ದನ್ನು ಗಮನಿಸಿದವರಿಗೆ ಕಂಡದ್ದು ಬೇರೆ. ಆಟಗಾರರು ಗುಂಡು ತಲುಪಲಾರದಷ್ಟು ದೂರದಲ್ಲಿದ್ದ ಶತ್ರುಗಳ ಮೇಲೆ ಹಾರಿಸಿ ಹಾರಿಸಿ ಖಾಲಿ ಮಾಡಿಕೊಳ್ಳುತ್ತಿದ್ದರು. ಕೊರತೆ ಇದ್ದದ್ದು ಗುಂಡಿನದಲ್ಲ, ‘ಇಲ್ಲಿಂದ ತಾಗುವುದಿಲ್ಲ’ ಎಂಬ ಸೂಚನೆಯದು. ಶತ್ರು ಬಂದೂಕಿನ ಅಳತೆಯೊಳಗೆ ಬಂದಾಗ ಮಾತ್ರ ಪರದೆಯ ನಡುವಿನ ಗುರಿಚಿಹ್ನೆ ಕೆಂಪಾಗುವಂತೆ ಮಾಡಿದರು. ಗುಂಡು ಹೆಚ್ಚಿಸಿದ್ದರೆ ಜನ ಇನ್ನೂ ಹೆಚ್ಚು ಹೊತ್ತು ದೂರದಿಂದಲೇ ಹಾರಿಸುತ್ತ ನಿಂತಿರುತ್ತಿದ್ದರು, ಅಷ್ಟೆ.

ಆಟಗಾರನ ದೂರು ಸುಳ್ಳಲ್ಲ. ತೊಂದರೆ ಎಲ್ಲಿದೆ ಎಂಬುದನ್ನು ಅದು ಸರಿಯಾಗಿಯೇ ತೋರಿಸುತ್ತದೆ. ಕಾರಣ ಮತ್ತು ಪರಿಹಾರವನ್ನು ಮಾತ್ರ ಅವನು ಊಹಿಸಿ ಹೇಳುತ್ತಾನೆ, ಏಕೆಂದರೆ ಆಟದ ಒಳಗಿನ ಲೆಕ್ಕಾಚಾರ ಅವನಿಗೆ ಕಾಣುವುದಿಲ್ಲ. ಹಾಗಾಗಿ ಅವನ ಮಾತನ್ನೂ ಅವನು ಮಾಡಿದ್ದನ್ನೂ ಒಂದೇ ಕಡೆ ಬೆರೆಸಿ ಬರೆದುಕೊಳ್ಳಬಾರದು. ಹಾಳೆಯ ಮೇಲೆ ಗೆರೆ ಎಳೆದು ಒಂದು ಕಡೆ ಹೊತ್ತು ಮತ್ತು ನಡೆದದ್ದು, ಇನ್ನೊಂದು ಕಡೆ ಅವನು ಆಡಿದ ಮಾತು, ಹೇಳಿದ ಹಾಗೆಯೇ. ನಮ್ಮ ಊಹೆಗೆ ಮೂರನೆಯ ಜಾಗ, ಅದನ್ನು ತುಂಬುವುದು ಎಲ್ಲ ಮುಗಿದ ಮೇಲೆ.

ಹಳ್ಳ ದಾಟಿ ಜಿಗಿಯುತ್ತ ಸಾಗುವ ಒಂದು ಗೇಮ್ ಎಂದುಕೊಳ್ಳಿ. ಹುಡುಗನೊಬ್ಬ ಮತ್ತೆ ಮತ್ತೆ ಬೀಳುತ್ತಾನೆ. ‘ಬಟನ್ ಸರಿ ಇಲ್ಲ ಸರ್, ಒತ್ತಿದರೂ ಹಾರುವುದಿಲ್ಲ. ಹಳ್ಳ ಸ್ವಲ್ಪ ಚಿಕ್ಕದು ಮಾಡಿ’ ಎನ್ನುತ್ತಾನೆ. ರೆಕಾರ್ಡಿಂಗ್ ಅನ್ನು ನಿಧಾನವಾಗಿ ಓಡಿಸಿ ನೋಡಿದರೆ ಬಟನ್ ಸರಿಯಾಗಿಯೇ ಇದೆ. ಪಾತ್ರದ ಕಾಲು ಅಂಚು ಬಿಟ್ಟು ಕಣ್ಣು ಮಿಟುಕಿಸುವಷ್ಟು ಹೊತ್ತಾದ ಮೇಲೆ ಅವನು ಒತ್ತುತ್ತಿದ್ದಾನೆ. ಅವನ ಕಣ್ಣಿಗೆ ಕಾಲು ಇನ್ನೂ ನೆಲದ ಮೇಲಿದೆ, ಗೇಮಿನ ಲೆಕ್ಕದಲ್ಲಿ ಅವನು ಆಗಲೇ ಬೀಳುತ್ತಿದ್ದಾನೆ. ಹಳ್ಳ ಚಿಕ್ಕದು ಮಾಡಿದರೂ ತಡವಾಗಿ ಒತ್ತುವವನು ಬೀಳುತ್ತಲೇ ಇರುತ್ತಾನೆ. 2018ರ ‘ಸೆಲೆಸ್ಟ್’ ಎಂಬ ಗೇಮ್‌ನಲ್ಲಿ ಇದಕ್ಕೆ ಪರಿಹಾರ ಇದೆ: ಅಂಚು ಬಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ಜಿಗಿತಕ್ಕೆ ಅವಕಾಶ. ಆಡುವವರಿಗೆ ಅದು ಗೊತ್ತೇ ಆಗುವುದಿಲ್ಲ, ಬಟನ್ ಮಾತು ಕೇಳುತ್ತದೆ ಎನ್ನಿಸುತ್ತದೆ ಅಷ್ಟೆ.

ನೋಡುವವರು ಬಾಯಿ ಬಿಗಿಹಿಡಿದು ಕೂರಬೇಕು, ಇದು ಹೇಳಿದಷ್ಟು ಸುಲಭವಲ್ಲ. ತಾನು ಕಟ್ಟಿದ ಆಟದಲ್ಲಿ ಯಾರೋ ಒದ್ದಾಡುತ್ತಿದ್ದರೆ ‘ಆ ಬಾಗಿಲು ನೋಡಿ’ ಎಂದು ನಾಲಿಗೆ ತುದಿಗೆ ಬಂದೇ ಬರುತ್ತದೆ. ಹೇಳಿದ ಕ್ಷಣಕ್ಕೆ ಆ ಜಾಗದ ಪರೀಕ್ಷೆ ಕೆಟ್ಟಂತೆ. ಪ್ರಶ್ನೆಗಳು ಆಟ ಮುಗಿದ ಮೇಲೆ. ಆಗಲೂ ‘ಇಷ್ಟವಾಯಿತೇ’ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ, ಪರಿಚಯದವರಂತೂ ಖಂಡಿತ. ಅದರ ಬದಲು ರೆಕಾರ್ಡಿಂಗ್ ತೋರಿಸಿ, ‘ಇಲ್ಲಿ ನೀವು ಏನು ಮಾಡಲು ಹೊರಟಿದ್ದಿರಿ? ಏನಾಗುತ್ತದೆ ಅಂದುಕೊಂಡಿದ್ದಿರಿ?’ ಎಂದು ಕೇಳಬೇಕು. ಏನು ಮಾಡಿದರು ಎಂಬುದು ನೋಡಿದರೆ ತಿಳಿಯುತ್ತದೆ, ಏಕೆ ಮಾಡಿದರು ಎಂಬುದು ಕೇಳದೆ ತಿಳಿಯುವುದಿಲ್ಲ.

ಕೆಲವೊಮ್ಮೆ ತೊಡಕು ಅನಿಸಿಕೆಯಲ್ಲೇ ಇರುತ್ತದೆ, ಆಗ ಮಾತಿಗೇ ಹೆಚ್ಚು ತೂಕ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಪರೀಕ್ಷೆಯ ಹಂತದಲ್ಲಿದ್ದಾಗ ತುಂಬ ಹೊತ್ತು ಆಡಿದವರಿಗೆ ಅಂಕಗಳು ಅರ್ಧಕ್ಕಿಳಿಯುತ್ತಿದ್ದವು, ಜನ ಸಿಟ್ಟಾದರು. ತಯಾರಕರು ಅದನ್ನೇ ತಿರುಗಿಸಿ, ವಿಶ್ರಾಂತಿ ಪಡೆದು ಬಂದವರಿಗೆ ಎರಡು ಪಟ್ಟು, ಉಳಿದವರಿಗೆ ಮಾಮೂಲಿ ಅಂಕ ಎಂದು ತೋರಿಸಿದರು. ಲೆಕ್ಕ ಹೆಚ್ಚುಕಡಿಮೆ ಅದೇ, ಆದರೆ ಜನರ ಸಿಟ್ಟು ಇಳಿಯಿತು. ಬರೀ ರೆಕಾರ್ಡಿಂಗ್ ನೋಡಿಕೊಂಡಿದ್ದರೆ ಇದು ಹೊಳೆಯುತ್ತಿರಲಿಲ್ಲ. ಬೇಸರವೂ ಹೀಗೆಯೇ: ತಪ್ಪಿಲ್ಲದೆ ಆಡಿ ಮುಗಿಸಿದವನಿಗೂ ಬೇಜಾರಾಗಿರಬಹುದು, ಅವನೇ ಹೇಳಬೇಕು.

ಬದಲಾವಣೆ ಮಾಡಿದ ಮೇಲೆ ಅದೇ ಜಾಗವನ್ನು ಮತ್ತೆ ಆಡಿಸಿ ನೋಡಬೇಕು, ಹೊಸಬರಿಂದ. ಒಮ್ಮೆ ಆಡಿದವನಿಗೆ ಆ ಹಳ್ಳ ಎಲ್ಲಿದೆ ಎಂಬುದು ನೆನಪಿರುತ್ತದೆ. ಅವನು ದಾಟಿದನೆಂದರೆ ತಿದ್ದುಪಡಿ ಕೆಲಸ ಮಾಡಿತೋ ಅಭ್ಯಾಸ ಕೆಲಸ ಮಾಡಿತೋ ಹೇಳಲಾಗದು.