ಕಡೆಯಿಂದ ಮೊದಲಿಗೆ: ಡಿಸ್ಕಸ್ ಕಲಿಸುವ ದಾರಿ

ಹೈಸ್ಕೂಲಿನ ಮೈದಾನದಲ್ಲಿ ಹುಡುಗನ ಕೈಗೆ ಮೊದಲ ಸಲ ಡಿಸ್ಕಸ್ ಕೊಟ್ಟರೆ ಅವನು ಮಾಡುವ ಮೊದಲ ಕೆಲಸವೇ ಗಿರ್ರನೆ ಸುತ್ತುವುದು. ಟಿವಿಯಲ್ಲಿ ನೋಡಿದ್ದು ಅದನ್ನೇ ತಾನೆ. ಒಂದೂವರೆ ಸುತ್ತು ಸುತ್ತಿ, ತೂರಾಡಿ, ಕೈ ಬಿಟ್ಟಾಗ ತಟ್ಟೆ ಗಾಳಿಯಲ್ಲಿ ಓಲಾಡುತ್ತಾ ಹೋಗಿ ಎಲ್ಲೋ ಬಲಗಡೆ ಬೀಳುತ್ತದೆ. ಪಿಟಿ ಮೇಷ್ಟ್ರು ಅವನನ್ನು ಕರೆದು, ಸುಮ್ಮನೆ ನಿಂತಲ್ಲಿಂದಲೇ ಎಸೆ ಎನ್ನುತ್ತಾರೆ. ನಿಂತು ಎಸೆದದ್ದು ಸುತ್ತಿ ಎಸೆದದ್ದಕ್ಕಿಂತ ಮೂರು ಮೀಟರ್ ಮುಂದೆ ಬಿದ್ದಿರುತ್ತದೆ.

ಸುತ್ತಿದರೆ ವೇಗ ಹೆಚ್ಚಬೇಕು, ದೂರ ಹೆಚ್ಚಬೇಕು. ಪಳಗಿದ ಎಸೆತಗಾರರಲ್ಲಿ ಹೆಚ್ಚುವುದು ನಿಜ. ಅವರು ನಿಂತು ಎಸೆಯುವ ದೂರಕ್ಕೂ ಸುತ್ತಿ ಎಸೆಯುವ ದೂರಕ್ಕೂ ಏಳೆಂಟು ಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಅಂತರ ಇರುತ್ತದೆ. ಕಲಿಯುವ ಹುಡುಗರಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಹೀಗೇಕೆ ಎಂದು ತಿಳಿದರೆ ಡಿಸ್ಕಸ್ ಕಲಿಸುವ ಕ್ರಮವೂ ಅರ್ಧ ತಿಳಿದ ಹಾಗೆ.

ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2012ರಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಬರೆದರು. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದರು. ಅಂಥವರ ಎಸೆತದ ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿ, ಎರಡೂ ಕಾಲು ನೆಲಕ್ಕೆ ಊರಿದ ಕೊನೆಯ ಗಳಿಗೆಯಲ್ಲಿ ನಿಲ್ಲಿಸಿ ನೋಡಬೇಕು. ಬಲಗಾಲು ಸರ್ಕಲ್ಲಿನ ನಡುವೆ, ಎಡಗಾಲು ಮುಂದಿನ ಅಂಚಿನ ಹತ್ತಿರ. ಮೈಭಾರವೆಲ್ಲ ಮಡಿಸಿದ ಬಲಗಾಲ ಮೇಲೆ. ಸೊಂಟ ಆಗಲೇ ಮುಂದಕ್ಕೆ ತಿರುಗತೊಡಗಿದೆ, ಭುಜ ಮತ್ತು ಡಿಸ್ಕಸ್ ಇನ್ನೂ ಹಿಂದೆಯೇ ಉಳಿದಿವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ನಡು ಮುರಿಗೊಂಡಿದೆ. ನಿಂತು ಎಸೆಯುವವರು ಶುರು ಮಾಡುವುದೂ ಇದೇ ಭಂಗಿಯಿಂದ. ಅಷ್ಟು ಹೊತ್ತು ಸುತ್ತಿದ್ದು ಈ ಭಂಗಿಗೆ ವೇಗದೊಡನೆ ಬಂದು ಸೇರುವುದಕ್ಕಾಗಿ. ಸುತ್ತಿ ಬಂದವನು ಈ ಭಂಗಿ ತಪ್ಪಿದರೆ, ಅಂದರೆ ಡಿಸ್ಕಸ್ ಸೊಂಟಕ್ಕಿಂತ ಮುಂದೆ ಬಂದುಬಿಟ್ಟರೆ, ಹಿಂಡಲು ಬಟ್ಟೆಯಲ್ಲಿ ನೀರೇ ಇರುವುದಿಲ್ಲ. ಉಳಿಯುವುದು ಬರೀ ಕೈಬಲ.

ಆದ್ದರಿಂದ ಅನುಭವಿ ತರಬೇತುದಾರರು ಈ ಎಸೆತವನ್ನು ಕಡೆಯಿಂದ ಮೊದಲಿಗೆ ಕಲಿಸುತ್ತಾರೆ. ಮೊದಲು ಕೊನೆಯ ಭಂಗಿ, ಆಮೇಲೆ ಅದರ ಹಿಂದಿನ ಅರ್ಧ ಸುತ್ತು, ಆಮೇಲೆ ಅದಕ್ಕೂ ಹಿಂದಿನದು. ಹೊಸದಾಗಿ ಕಲಿತ ಪ್ರತಿ ಚಲನೆಯೂ ಆಗಲೇ ಗೊತ್ತಿರುವ ಜಾಗಕ್ಕೆ ಹೋಗಿ ಮುಟ್ಟುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ಪಿಯುಸಿಯ ಹುಡುಗ, ಬಲಗೈಯವನು. ಹದಿನೆಂಟರೊಳಗಿನ ಹುಡುಗರಿಗೆ ನಿಗದಿಯಾದ ಒಂದೂವರೆ ಕೆಜಿ ಡಿಸ್ಕಸ್ಸನ್ನು ನಿಂತು 28 ಮೀಟರ್ ಎಸೆಯುತ್ತಾನೆ, ಸುತ್ತಿದರೆ 25.

ಮೊದಲು ನೋಡಬೇಕಾದ್ದು ಅವನ ಕೈಯನ್ನು. ಡಿಸ್ಕಸ್ಸನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಬೆರಳುಗಳ ಕೊನೆಯ ಗೆಣ್ಣುಗಳ ಮೇಲೆ ಅಂಚು ಕೂತಿರುತ್ತದೆ, ಹೆಬ್ಬೆರಳು ತಟ್ಟೆಯ ಮೇಲೆ ಸುಮ್ಮನೆ ಮಲಗಿರುತ್ತದೆ. ಬೀಸುವ ವೇಗವೇ ಅದನ್ನು ಕೈಯಲ್ಲಿ ಉಳಿಸುತ್ತದೆ. ಬಿಡುವಾಗ ಕೊನೆಗೆ ಜಾರಬೇಕಾದ್ದು ತೋರುಬೆರಳಿನಿಂದ. ಆಗಲೇ ತಟ್ಟೆ ಬುಗುರಿಯಂತೆ ತಿರುಗಿ ಗಾಳಿಯಲ್ಲಿ ಅಲುಗದೆ ಸಾಗುತ್ತದೆ. ಇದನ್ನು ಕಲಿಸಲು ಎಸೆಯುವುದೇ ಬೇಡ. ಸುಣ್ಣದ ಗೆರೆಯ ಮೇಲೆ ಡಿಸ್ಕಸ್ಸನ್ನು ಗಾಲಿಯಂತೆ ನಿಲ್ಲಿಸಿ ಉರುಳಿಸಿದರೆ ಸಾಕು. ನೆಟ್ಟಗೆ ಉರುಳಿದರೆ ಅದು ತೋರುಬೆರಳಿನಿಂದ ಹೊರಟಿದೆ. ಒಂದು ಕಡೆ ವಾಲಿ ಬಿದ್ದರೆ ಕಿರುಬೆರಳಿನಿಂದಲೋ ಅಂಗೈಯಿಂದಲೋ ಜಾರಿದೆ.

ಇನ್ನು ನಿಂತು ಎಸೆಯುವ ಭಂಗಿ. ಎಸೆಯುವ ದಿಕ್ಕನ್ನು ನೆಲದ ಮೇಲೆ ಬರೆದ ಗಡಿಯಾರದ 12 ಎಂದುಕೊಂಡರೆ, ಬಲಗಾಲಿನ ಬೆರಳುಗಳು ಸುಮಾರು 4ರ ಕಡೆ ನೋಡುತ್ತಿರಬೇಕು. ಎಡಗಾಲು 12ರ ಕಡೆ, ಅದರ ಬೆರಳುಗಳು ಬಲಗಾಲ ಹಿಮ್ಮಡಿಯ ನೇರಕ್ಕೆ. ಎಸೆತ ಶುರುವಾಗುವುದು ಬಲಗಾಲಿನಿಂದ. ಸಿಗರೇಟಿನ ಬೆಂಕಿ ಆರಿಸುವಾಗ ಪಾದ ಹೊಸಕುತ್ತದಲ್ಲ, ಹಾಗೆ ಮುಂಗಾಲ ಮೇಲೆ ಪಾದ ತಿರುಗಿ ಹಿಮ್ಮಡಿ ಹೊರಕ್ಕೆ ಹೊರಳುತ್ತದೆ. ಅದು ಸೊಂಟವನ್ನು ತಳ್ಳುತ್ತದೆ, ಸೊಂಟ ಎದೆಯನ್ನು ಎಳೆಯುತ್ತದೆ, ಕೈ ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಎಡಗಾಲು ಗಟ್ಟಿಯಾಗಿ ನಿಂತು ಮೈಯ ಎಡಭಾಗವನ್ನು ತಡೆಯಬೇಕು. ಬಾಗಿಲ ಕೀಲು ಅಲುಗದಿದ್ದರೆ ತಾನೆ ಬಾಗಿಲ ಅಂಚು ಜೋರಾಗಿ ಬೀಸುವುದು. ಎಸೆದ ಮೇಲೆ ಕಾಲು ಅದಲುಬದಲು ಮಾಡಿ ಕುಪ್ಪಳಿಸುವುದನ್ನು ಈ ಹಂತದಲ್ಲಿ ಕಡ್ಡಾಯವಾಗಿ ಬೇಡವೆನ್ನಬೇಕು. ಅದನ್ನು ಬೇಗ ಕಲಿತವರು ಎಡಗಾಲು ಊರುವ ಮೊದಲೇ ನೆಲ ಬಿಡುತ್ತಾರೆ, ತಳ್ಳಲು ನೆಲವೇ ಇಲ್ಲದಂತಾಗುತ್ತದೆ.

ನಮ್ಮ ಹುಡುಗನ 28 ಮೀಟರ್ ಬಂದದ್ದು ಬಹುಪಾಲು ಕೈಯಿಂದ. ಎಸೆದ ಮೇಲೆ ಅವನ ಬಲಗಾಲಿದ್ದ ಮಣ್ಣನ್ನು ನೋಡಿದರೆ ಗೊತ್ತಾಗುತ್ತದೆ: ಅಲ್ಲಿ ಅಚ್ಚೊತ್ತಿದ ಇಡೀ ಪಾದವಿದೆ, ಹೊಸಕಿದ ಗುರುತಿಲ್ಲ. ಎರಡು ವಾರ ನಿಂತೇ ಎಸೆದು ಆ ಗುರುತು ಮೂಡಿಸಿಕೊಂಡ ಮೇಲೆ 30 ದಾಟುತ್ತಾನೆ ಎಂದುಕೊಳ್ಳೋಣ. ಈಗ ಅವನಿಗೆ ಅರ್ಧ ಸುತ್ತು ಕಲಿಸಬಹುದು.

ಅರ್ಧ ಸುತ್ತಿನಲ್ಲಿ ಬಲಗಾಲು ಸರ್ಕಲ್ಲಿನ ನಡುವೆ ಇರುತ್ತದೆ, ಎಡಗಾಲು ಈ ಸಲ ಹಿಂದಿನ ಅಂಚಿನ ಕಡೆ, ಎದೆ 9ರ ಕಡೆ. ಅಲ್ಲಿಂದ ಬಲ ಮುಂಗಾಲ ಮೇಲೆ ಎಡಕ್ಕೆ ತಿರುಗಿ, ಎಡಗಾಲನ್ನು ಮಂಡಿಗಳ ಹತ್ತಿರವೇ ಹಾಯಿಸಿ ಮುಂದಿನ ಅಂಚಿನ ಬಳಿ ಊರಬೇಕು. ಊರಿದ ಮೇಲೆ ಎಸೆಯದೆ ಕಲ್ಲಿನ ಗೊಂಬೆಯಂತೆ ನಿಲ್ಲಬೇಕು. ಭಾರ ಬಲಗಾಲ ಮೇಲಿದೆಯೇ, ಡಿಸ್ಕಸ್ ಹಿಂದಿದೆಯೇ, ಎಡಗಾಲು ಸರಿಯಾದ ನೇರಕ್ಕೆ ಬಿದ್ದಿದೆಯೇ ಎಂದು ತಾನೇ ತಿರುಗಿ ನೋಡಬೇಕು. ಹತ್ತು ಸಲ ನಿಂತು ನೋಡಿದ ಮೇಲೆ ಒಂದು ಎಸೆತ. ಹುಡುಗರಿಗೆ ಇದು ಬೇಸರದ ಕೆಲಸ, ಒಪ್ಪತಕ್ಕದ್ದೇ. ಆದರೆ ಇಡೀ ಕಲಿಕೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಯಾವುದೆಂದರೆ ಇದೇ.

ತಪ್ಪುಗಳು ಹುಟ್ಟುವುದೂ ಇಲ್ಲೇ. ಒಂದು, ಬಲ ಹಿಮ್ಮಡಿ ನೆಲಕ್ಕೆ ಬಿದ್ದು ತಿರುಗುವುದು ನಿಂತುಬಿಡುತ್ತದೆ. ಇನ್ನೊಂದು, ಎಡಗಾಲು ಎಡಕ್ಕೆ ವಾರೆಯಾಗಿ ತೀರಾ ದೂರ ಬೀಳುತ್ತದೆ. ಆಗ ಸೊಂಟ ಮೊದಲೇ ತೆರೆದುಕೊಂಡು ಮೈ ಎಡಕ್ಕೆ ಜಾರುತ್ತದೆ, ತಡೆಯಲು ಎಡಗಾಲೇ ಸಿಗುವುದಿಲ್ಲ. ಮೂರನೆಯದು ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಬಲಗಾಲು ಊರಿದ ಸದ್ದಿನ ಬೆನ್ನಿಗೇ ಎಡಗಾಲಿನ ಸದ್ದು ಕೇಳಬೇಕು. ನಡುವೆ ಬಿಡುವು ಕೇಳಿದರೆ ಆ ಬಿಡುವಿನಲ್ಲಿ ಭುಜ ಸೊಂಟವನ್ನು ಹಿಂದೆ ಹಾಕಿ ಬಂದಿದೆ ಎಂದೇ ಅರ್ಥ. ಕೆಲವು ಮೇಷ್ಟ್ರು ಹುಡುಗನಿಗೆ ಬೆನ್ನು ಮಾಡಿ ನಿಂತು ಬರೀ ಸದ್ದು ಕೇಳಿಯೇ ತಪ್ಪು ಹೇಳುತ್ತಾರೆ.

ಮುಂದಿನ ಹಂತಕ್ಕೆ ತರಬೇತುದಾರರ ನಡುವೆ ‘ಸೌತ್ ಆಫ್ರಿಕನ್’ ಎಂಬ ಹೆಸರಿದೆ. ಎಸೆಯುವ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತಾರೆ. ಎಡಗಾಲು ಸರ್ಕಲ್ಲಿನ ಹಿಂದಿನ ಅಂಚಿನ ಒಳಗೆ, ಬಲಗಾಲು ಅದರ ಹೊರಗೆ. ಎಡಗಾಲಿನಿಂದ ತಳ್ಳಿ, ಓಡುವವನ ಹಾಗೆ ಬಲಗಾಲನ್ನು ನಡುವಿಗೆ ಹಾಕಿ, ಊರಿದ ಕೂಡಲೇ ಅರ್ಧ ಸುತ್ತಿನಲ್ಲಿ ಕಲಿತದ್ದನ್ನು ಮಾಡಿ ಎಸೆಯುತ್ತಾರೆ. ಸುತ್ತುವುದೆಂದರೆ ನಿಂತಲ್ಲೇ ತಿರುಗುವುದೆಂದು ಹುಡುಗರು ತಿಳಿದಿರುತ್ತಾರೆ. ಎರಡೂವರೆ ಮೀಟರ್ ಅಗಲದ ಸರ್ಕಲ್ಲನ್ನು ಹಿಂದಿನಿಂದ ಮುಂದಕ್ಕೆ ದಾಟಬೇಕೆನ್ನುವುದು ಅವರ ಮೈಗೆ ತಿಳಿಯುವುದು ಈ ಹಂತದಲ್ಲೇ. ಇಲ್ಲಿ ಎತ್ತರಕ್ಕೆ ನೆಗೆಯಬಾರದು. ಗಾಳಿಯಲ್ಲಿದ್ದಷ್ಟು ಹೊತ್ತು ಡಿಸ್ಕಸ್ಸಿಗೆ ವೇಗ ಕೊಡಲಾಗುವುದಿಲ್ಲ.

ನಮ್ಮ ಹುಡುಗ ಇದರಲ್ಲಿ 33 ಮೀಟರ್ ಎಸೆದ ಎನ್ನಿ. ನಿಂತು ಎಸೆದದ್ದಕ್ಕಿಂತ ಮೂರು ಮೀಟರ್ ಹೆಚ್ಚು. ಮುಂದಿನ ಹಂತಕ್ಕೆ ಅನುಮತಿ ಕೊಡಬೇಕಾದ್ದು ಈ ಟೇಪಿನ ಅಂತರವೇ. ಅಂತರ ಬಾರದಿದ್ದರೆ ಅರ್ಧ ಸುತ್ತಿಗೆ ವಾಪಸು.

ಪೂರ್ತಿ ಸುತ್ತಿಗೆ ಈಗ ಉಳಿದಿರುವುದು ಆರಂಭದ ಭಾಗ ಮಾತ್ರ: ಎಸೆಯುವ ದಿಕ್ಕಿಗೆ ಬೆನ್ನು ಮಾಡಿ ನಿಂತು, ಎಡಗಾಲ ಮೇಲೆ ತಿರುಗಿ, ‘ಸೌತ್ ಆಫ್ರಿಕನ್’ ಶುರುವಾಗುವ ಜಾಗಕ್ಕೆ ಮುಖ ತರುವುದು. ಮಾತಿನಲ್ಲಿ ಸಣ್ಣದು, ಮೈಗೆ ಕಷ್ಟದ್ದು. ಹುಡುಗರು ತಲೆ ಮತ್ತು ಎಡಭುಜವನ್ನು ಮೊದಲು ತಿರುಗಿಸಿ ಸರ್ಕಲ್ಲಿನ ನಡುವಿಗೆ ಹಿಮ್ಮುಖವಾಗಿ ಬೀಳುತ್ತಾರೆ. ಸರಿಯಾದ ಕ್ರಮದಲ್ಲಿ ಮೊದಲು ಭಾರ ಪೂರ್ತಿ ಎಡಗಾಲಿಗೆ ಬರುತ್ತದೆ, ಆಮೇಲೆ ಎಡಮಂಡಿ, ಎಡಗೈ, ಪಾದ ಒಟ್ಟಿಗೆ ತಿರುಗುತ್ತವೆ, ಬಲಗಾಲು ಅಗಲವಾಗಿ ಬೀಸಿ ಬರುತ್ತದೆ. ಪರೀಕ್ಷೆ ಸರಳ. ಕೈಯಲ್ಲಿ ಏನೂ ಇಲ್ಲದೆ ಎಡಗಾಲ ಮೇಲೆ ತಿರುಗಿ, ಮುಂದಕ್ಕೆ ಮುಖ ಬಂದಾಗ ಕುಂಟೆಬಿಲ್ಲೆ ಆಡುವವರ ಹಾಗೆ ಒಂಟಿಕಾಲಲ್ಲಿ ನಿಲ್ಲಲು ಹೇಳಬೇಕು. ನಿಲ್ಲಲಾಗದವನು ಡಿಸ್ಕಸ್ ಹಿಡಿದು ಸುತ್ತಿದರೂ ಬೀಳುವವನೇ.

ಈ ಹಂತದಲ್ಲಿ ಹುಡುಗನಿಗೆ ಒಂದೂವರೆ ಕೆಜಿಯ ಬದಲು ಹುಡುಗಿಯರ ಒಂದು ಕೆಜಿ ಡಿಸ್ಕಸ್ ಕೊಡುವುದು ಒಳ್ಳೆಯದು. ಹುಡುಗಿಯರಿಗೆ ಹಳೆಯ ಸೈಕಲ್ ಟಯರ್ ಸಾಕು. ಭಾರ ಕಡಿಮೆಯಿದ್ದರೆ ಗಮನ ಕಾಲಿಗೆ ಹೋಗುತ್ತದೆ. ಮೊದಲ ದಿನಗಳಲ್ಲಿ ದೂರ 33ರಿಂದ 30ಕ್ಕೆ ಇಳಿಯಬಹುದು. ಡಿಸ್ಕಸ್ ಹೋದ ದಿಕ್ಕು ಕಾರಣ ಹೇಳುತ್ತದೆ. ಬಲಕ್ಕೆ ಹೋದರೆ ಸೊಂಟ ತಿರುಗಿ ಮುಗಿಯುವ ಮೊದಲೇ ಕೈ ಬಿಟ್ಟಿದ್ದಾನೆ. ಎಡಕ್ಕೆ ಹೋದರೆ ತಲೆ, ಎಡಭುಜ ಕಿತ್ತುಕೊಂಡು ಹೋಗಿ ಬಿಟ್ಟದ್ದು ತಡವಾಗಿದೆ.

ನಮ್ಮ ಶಾಲೆಗಳಲ್ಲಿ ಒಂದು ದೊಡ್ಡ ತೊಡಕು ನೆಲದ್ದು. ಎಷ್ಟೋ ಕಡೆ ಸಿಮೆಂಟ್ ಸರ್ಕಲ್ ಇರುವುದಿಲ್ಲ, ಮಣ್ಣಿನ ಮೇಲೆ ಸುಣ್ಣ ಹಾಕಿದ ವೃತ್ತವೇ ಗತಿ. ಮಣ್ಣಿನಲ್ಲಿ ಪಾದ ಹೂತು ತಿರುಗದಿದ್ದಾಗ ಮೈಯ ತಿರುಗುವಿಕೆಯೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿನೋವು ಕಂಡ ದಿನವೇ ಸುತ್ತುವುದನ್ನು ನಿಲ್ಲಿಸಬೇಕು. ಅಂಥ ಕಡೆ ತಿರುಗುವ ಅಭ್ಯಾಸವನ್ನು ಶಾಲೆಯ ಸಿಮೆಂಟ್ ಅಂಗಳದಲ್ಲಿ, ತಳ ಸವೆದ ಬೂಟು ಹಾಕಿಕೊಂಡು, ಬರಿಗೈಯಲ್ಲಿ ಮಾಡಿಸಿ, ಮೈದಾನದಲ್ಲಿ ಹೆಚ್ಚಾಗಿ ನಿಂತೇ ಎಸೆಸುವುದು ವಾಸಿ. ಬಲೆಯ ಕೇಜ್ ಇಲ್ಲದಿದ್ದರೆ ಉಳಿದ ಹುಡುಗರೆಲ್ಲ ಎಸೆಯುವವನ ಹಿಂದೆ ಬಹುದೂರ ನಿಲ್ಲಬೇಕು. ಬಲಗೈಯವನ ಕೈತಪ್ಪಿದ ಡಿಸ್ಕಸ್ ಹೆಚ್ಚಾಗಿ ಬಲಗಡೆಗೇ ನುಗ್ಗುತ್ತದಾದ್ದರಿಂದ ಆ ಪಕ್ಕದಲ್ಲಿ ಒಬ್ಬರೂ ಇರಕೂಡದು.

ಸ್ಪರ್ಧೆಯ ದಿನ ಹುಡುಗನ ಪೂರ್ತಿ ಸುತ್ತು ಇನ್ನೂ ಹದಕ್ಕೆ ಬಂದಿರದಿದ್ದರೆ ಅದನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. ಇಂತಿಷ್ಟು ಸುತ್ತಲೇಬೇಕೆಂದು ನಿಯಮವೇನೂ ಇಲ್ಲ. ಸಿಗುವ ಮೂರು ಅವಕಾಶಗಳಲ್ಲಿ ಮೊದಲನೆಯದನ್ನು ನಿಂತು ಎಸೆದು ಫೌಲಾಗದ ಒಂದು ದೂರವನ್ನು ಬರೆಸಿಕೊಂಡರೆ, ಉಳಿದೆರಡರಲ್ಲಿ ಅವನು ಭಯವಿಲ್ಲದೆ ಸುತ್ತಬಹುದು.